ಬಡಾವಣೆಯ ಗೇಟಿಗೆ ಒಂದು ಸಾಲು: ಪ್ರಾಣಿ ಆಶ್ರಯಧಾಮದ ಘೋಷವಾಕ್ಯ ಬರೆಯುವುದು ಹೇಗೆ?

ಬೀದಿ ನಾಯಿಗಳ ಸಂತಾನಹರಣ ಶಿಬಿರಕ್ಕೆ ಬ್ಯಾನರ್ ಬರೆದುಕೊಡಿ ಎಂದು ಆಶ್ರಯಧಾಮದವರು ಕೇಳಿದಾಗ ಹೆಚ್ಚಿನವರು ಮೊದಲು ಪ್ರಾಸ ಹುಡುಕುತ್ತಾರೆ. ತಪ್ಪು ಅಲ್ಲಿಂದಲೇ ಶುರುವಾಗುತ್ತದೆ. ನಾನು ನೋಡಿದ ಒಂದು ಬಡಾವಣೆಯ ಗೇಟಿನಲ್ಲಿ ‘ಬೀದಿ ನಾಯಿ ಮುಕ್ತ ಬಡಾವಣೆ, ನಮ್ಮೆಲ್ಲರ ಹೊಣೆ’ ಎಂದು ಬರೆದಿದ್ದರು. ಸಾಲು ಬಾಯಲ್ಲಿ ಚೆನ್ನಾಗಿಯೇ ಹೊರಳುತ್ತಿತ್ತು. ನಿವಾಸಿಗಳು ಹಣ ಕೂಡಿಸಿದರು, ನಾಯಿಗಳನ್ನು ಹಿಡಿಯಲು ನೆರವಾದರು. ಆರನೇ ದಿನ ವ್ಯಾನು ಬಂದು, ಹೊಟ್ಟೆಯ ಮೇಲೆ ಹೊಲಿಗೆಯ ಗುರುತಿದ್ದ ಕಂದು ನಾಯಿಯನ್ನು ಅದೇ ಗೇಟಿನ ಬಳಿ ಇಳಿಸಿತು. ಮರುಕ್ಷಣವೇ ಜಗಳ. “ತಗೊಂಡು ಹೋಗೋಕೆ ಕರೆದಿದ್ದು, ವಾಪಸ್ ಬಿಡೋಕಲ್ಲ” ಎಂದು ಹಿರಿಯರೊಬ್ಬರು ವ್ಯಾನಿಗೆ ಅಡ್ಡ ನಿಂತರು. ಅವರದು ತಪ್ಪೆನ್ನಲು ಆಗುವುದಿಲ್ಲ. ಬ್ಯಾನರ್ ಅವರಿಗೆ ಮಾತು ಕೊಟ್ಟಿತ್ತು. ಮುಂದಿನ ಶಿಬಿರಕ್ಕೆ ಆ ಬಡಾವಣೆಯವರು ಒಪ್ಪಲಿಲ್ಲ.

ಮೊದಲು: ಏನಾಗುತ್ತದೆ ಎಂಬುದನ್ನು ತಿಳಿದುಕೊಳ್ಳಿ

ಪೆನ್ನು ಹಿಡಿಯುವ ಮುಂಚೆ ಆಶ್ರಯಧಾಮದ ವೈದ್ಯರ ಜೊತೆ ಅರ್ಧ ಗಂಟೆ ಕೂತು ಮಾತಾಡಿ. ನಮ್ಮ ದೇಶದಲ್ಲಿ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ, ಬಡಾವಣೆಯಿಂದ ಹಿಡಿದ ನಾಯಿಗೆ ಆಪರೇಷನ್ ಮಾಡಿ, ರೇಬಿಸ್ ಲಸಿಕೆ ಹಾಕಿ, ಚೇತರಿಸಿಕೊಂಡ ಮೇಲೆ ಹಿಡಿದ ಜಾಗದಲ್ಲೇ ಬಿಡಬೇಕು. ಅದಕ್ಕೆ ಕಾರಣವೂ ಇದೆ. ಬೀದಿಯಲ್ಲಿ ಕಸ ಮತ್ತು ಅನ್ನ ಸಿಗುತ್ತಿರುವವರೆಗೆ ಖಾಲಿಯಾದ ಜಾಗಕ್ಕೆ ಪಕ್ಕದ ಬೀದಿಯ ನಾಯಿಗಳು ಬಂದು ಸೇರುತ್ತವೆ. ಅವಕ್ಕೆ ಆಪರೇಷನ್ನೂ ಆಗಿರುವುದಿಲ್ಲ, ಲಸಿಕೆಯೂ ಬಿದ್ದಿರುವುದಿಲ್ಲ. ಹಾಗಾಗಿ ನಿಮ್ಮ ಸಾಲು ‘ನಾಯಿ ಹೋಗುತ್ತದೆ’ ಎನ್ನುವಂತಿಲ್ಲ. ‘ಮರಿ ಹುಟ್ಟುವುದು ನಿಲ್ಲುತ್ತದೆ’ ಎನ್ನಬಹುದು.

‘ಆಪರೇಷನ್ ಆದ ನಾಯಿ ಕಚ್ಚುವುದಿಲ್ಲ’ ಎಂದೂ ಬರೆಯಬೇಡಿ. ಹೆಣ್ಣು ನಾಯಿ ಬೆದೆಗೆ ಬಂದಾಗ ಗಂಡುಗಳು ಗುಂಪುಗೂಡಿ ಕಾದಾಡುವುದು ಕಡಿಮೆಯಾಗುತ್ತದೆ, ಮರಿಯ ಕಾವಲಿಗಾಗಿ ತಾಯಿ ಮೈಮೇಲೆ ಬರುವುದು ನಿಲ್ಲುತ್ತದೆ. ಆದರೆ ಕೆಣಕಿದರೆ ಯಾವ ನಾಯಿಯಾದರೂ ಕಚ್ಚೀತು. ಬೋರ್ಡ್ ಹಾಕಿದ ವಾರದಲ್ಲೇ ಒಂದು ಮಗುವಿಗೆ ಹಲ್ಲು ತಾಗಿದರೆ ಆಶ್ರಯಧಾಮ ಇನ್ನೇನು ಹೇಳಿದರೂ ಜನ ನಂಬುವುದಿಲ್ಲ.

ಎರಡು ಕೋರಿಕೆ, ಒಂದು ಸಾಲು

ಎಲ್ಲರೂ ಎಡವುವುದು ಈ ಹಂತದಲ್ಲಿ. ಆಶ್ರಯಧಾಮಕ್ಕೆ ಮರಿಗಳನ್ನು ದತ್ತು ಕೊಡುವುದು ಒಂದು ಕೆಲಸ, ಸಂತಾನಹರಣ ಇನ್ನೊಂದು. ಎರಡನ್ನೂ ಹೇಳಬೇಕು, ಆದರೆ ಗೇಟು ದಾಟುವ ಸ್ಕೂಟರ್ ಸವಾರ ಐದಾರು ಪದಕ್ಕಿಂತ ಹೆಚ್ಚು ಓದುವುದಿಲ್ಲ. ಒಂದು ಗುಂಪಿನ ಜೊತೆ ನಾವು ಬರೆದು ಹೊಡೆದು ಹಾಕಿದ ಸಾಲುಗಳನ್ನೇ ಇಲ್ಲಿ ಕೊಡುತ್ತೇನೆ.

ಮೊದಲನೆಯದು: ‘ಮೂಕ ಪ್ರಾಣಿಗಳಿಗೆ ದನಿಯಾಗೋಣ, ಸಂತಾನಹರಣ ಶಸ್ತ್ರಚಿಕಿತ್ಸೆಗೆ ಕೈಜೋಡಿಸೋಣ’. ಸಭೆಯಲ್ಲಿ ಇದಕ್ಕೆ ಚಪ್ಪಾಳೆ ಬಿತ್ತು. ಆದರೆ ಓದಿದವರು ಏನು ಮಾಡಬೇಕೆಂದು ಇದರಲ್ಲಿಲ್ಲ, ದತ್ತಿನ ಮಾತಂತೂ ಬಿಟ್ಟೇ ಹೋಗಿದೆ. ‘ಸಂತಾನಹರಣ’ ಕಡತಕ್ಕೆ ಸರಿಯಾದ ಪದ, ಗೇಟಿಗಲ್ಲ. ‘ಹರಣ’ ಎಂದೊಡನೆ ಏನನ್ನೋ ಕಿತ್ತುಕೊಂಡಂತೆ ಕೇಳಿಸುತ್ತದೆ. ಮನೆಯಲ್ಲಿ ಮಾತಾಡುವಾಗ ಎಲ್ಲರೂ ‘ಆಪರೇಷನ್’ ಎಂದೇ ಅನ್ನುವುದು. ಅದನ್ನೇ ಬರೆಯಿರಿ.

ಎರಡನೆಯದು: ‘ದತ್ತು ಪಡೆಯಿರಿ, ಆಪರೇಷನ್ ಮಾಡಿಸಿ’. ಚುಟುಕಾಗಿದೆ, ಆದರೆ ಯಾರನ್ನು ದತ್ತು, ಯಾರಿಗೆ ಆಪರೇಷನ್? ದತ್ತು ತೆಗೆದುಕೊಂಡವರೇ ಆಪರೇಷನ್ ಖರ್ಚನ್ನೂ ಹೊರಬೇಕು ಎಂದು ಒಬ್ಬರು ಅರ್ಥ ಮಾಡಿಕೊಂಡರು. ಇದೇ ಜಾತಿಗೆ ಸೇರಿದ್ದು ‘ಅಡಾಪ್ಟ್, ಡೋಂಟ್ ಶಾಪ್’ ಎಂಬುದರ ಅನುವಾದ ‘ದತ್ತು ಪಡೆಯಿರಿ, ಖರೀದಿಸಬೇಡಿ’. ಇಂಗ್ಲಿಷಿನಲ್ಲಿ ಅದನ್ನು ನಿಲ್ಲಿಸಿರುವುದು ಪ್ರಾಸ. ಕನ್ನಡಕ್ಕೆ ಬಂದಾಗ ಪ್ರಾಸ ಹೋಗಿ ಸುತ್ತೋಲೆ ಉಳಿಯುತ್ತದೆ. ಇಂಥ ಅಡ್ಡದಾರಿ ಬೇಡ.

ಮೂರನೆಯದು: ‘ಮರಿಗೆ ಮನೆ, ಬೀದಿಗೆ ಮುಕ್ತಿ’. ಎಲ್ಲರಿಗೂ ಇಷ್ಟವಾಗಿತ್ತು, ನನಗೂ. ಅಷ್ಟರಲ್ಲಿ ದಿನಾ ನಾಯಿಗಳಿಗೆ ಅನ್ನ ಹಾಕುವ ಅಜ್ಜಿ ಓದಿ, “ಅವನ್ನು ಸಾಯಿಸ್ತೀರಾ?” ಎಂದು ಕೇಳಿದರು. ಮುಕ್ತಿ ಎಂದರೆ ಅವರಿಗೆ ಸಾವು. ಸಾಲನ್ನು ಅಲ್ಲೇ ಕೈಬಿಟ್ಟೆವು.

ದಾರಿ ತೋರಿಸಿದ್ದು ಕನ್ನಡದ ಗಾದೆ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎನ್ನುವಲ್ಲಿ ಎರಡು ತುಂಡುಗಳ ಕಟ್ಟಡ ಒಂದೇ, ಆದ್ದರಿಂದ ಎರಡು ವಿಷಯ ಒಂದೇ ಉಸಿರಿನಲ್ಲಿ ಕೂರುತ್ತವೆ. ಹಾಗೆ ಹುಟ್ಟಿದ್ದು ‘ಮರಿಗೊಂದು ಮನೆ, ತಾಯಿಗೊಂದು ಆಪರೇಷನ್’. ಯಾರಿಗೆ ಏನು ಎಂಬುದು ಈಗ ಸ್ಪಷ್ಟವಾಗಿತ್ತು. ಆದರೆ ಕಾಗದದ ಮೇಲೆ ಬರೆದು ಗೇಟಿನ ಕಾವಲುಗಾರರಿಗೆ ತೋರಿಸಿದಾಗ ಅವರು, “ಯಾರ ತಾಯಿಗೆ ಸಾರ್? ದುಡ್ಡು ಎತ್ತುತ್ತಿದ್ದೀರಾ?” ಎಂದರು. ಚಿತ್ರವಿಲ್ಲದೆ ಓದಿದರೆ ಅದು ಯಾರದೋ ತಾಯಿಯ ಚಿಕಿತ್ಸೆಗೆ ನೆರವು ಕೇಳುವ ಬೋರ್ಡು. ಒಂದು ಪದ ಬದಲಾಯಿತು:

ಮರಿಗೊಂದು ಮನೆ, ನಾಯಿಗೊಂದು ಆಪರೇಷನ್

ಇದರಿಂದ ಗಂಡು ನಾಯಿಗಳೂ ಸಾಲಿನೊಳಗೆ ಬಂದವು. ಪದಗಳನ್ನು ಹಿಂದುಮುಂದು ಮಾಡಬೇಡಿ. ಹಾಲು ಕುಡಿಯುವ ಮರಿಗಳಿರುವ ತಾಯಿಯನ್ನು ಆಪರೇಷನ್‌ಗೆ ಹಿಡಿಯಬಾರದು, ಮರಿಗಳು ಹಾಲು ಬಿಡುವವರೆಗೆ, ಅಂದರೆ ಸುಮಾರು ಎರಡು ತಿಂಗಳು ಕಾಯಬೇಕು. ಮರಿಗಳನ್ನು ದತ್ತು ಕೊಡಬಹುದಾದ ವಯಸ್ಸೂ ಅದೇ. ಮೊದಲು ಮರಿಗೆ ಮನೆ, ಆಮೇಲೆ ತಾಯಿಗೆ ಆಪರೇಷನ್: ಕೆಲಸ ನಡೆಯುವ ಕ್ರಮದಲ್ಲೇ ಸಾಲೂ ಇದೆ. ಆಪರೇಷನ್ ಮುಂದೆ ಬಂದರೆ, ಮೊಲೆ ತುಂಬಿದ ತಾಯಿಯನ್ನೇ ಮೊದಲು ಒಯ್ಯಿರಿ ಎಂದು ಫೋನ್ ಮಾಡುವವರು ಇರುತ್ತಾರೆ.

ಈ ಸಾಲಿಗೆ ಮಿತಿಯೂ ಇದೆ. ಆಶ್ರಯಧಾಮದಲ್ಲಿರುವ ವಯಸ್ಸಾದ ನಾಯಿಗಳಿಗೆ ಮನೆ ಹುಡುಕಲು ಇದು ಸಾಲದು. ಅವುಗಳಿಗೂ ಬೆಕ್ಕುಗಳಿಗೂ ಬೇರೆ ಬೋರ್ಡು ಮಾಡಿ. ಎಲ್ಲವನ್ನೂ ಒಂದರಲ್ಲಿ ತುರುಕಬೇಡಿ.

ಅಡಿಸಾಲು

ಕೆಳಗೆ ಎರಡೇ ವಾಕ್ಯ: ‘ಆಪರೇಷನ್ ಆದ ನಾಯಿ ಇದೇ ಬೀದಿಗೆ ವಾಪಸ್ ಬರುತ್ತದೆ. ಕಿವಿಯ ತುದಿಯಲ್ಲಿರುವ ಕಚ್ಚು ನೋಡಿ ಗುರುತಿಸಿ.’ ಮೊದಲ ವಾಕ್ಯ ಓದಿ ಕೆಲವರು ಮುಖ ಸಿಂಡರಿಸುತ್ತಾರೆ, ತೆಗೆದುಬಿಡಿ ಎಂದು ಸಂಘದವರು ಒತ್ತಾಯಿಸುತ್ತಾರೆ. ತೆಗೆಯಬೇಡಿ. ಆರನೇ ದಿನ ಗೇಟಿನಲ್ಲಿ ಆಗುವ ಜಗಳಕ್ಕಿಂತ ಮೊದಲ ದಿನದ ಮುನಿಸು ವಾಸಿ. ಕಚ್ಚು ಎಂದರೆ ಆಪರೇಷನ್ ವೇಳೆ ಗುರುತಿಗೆಂದು ಕಿವಿಯ ತುದಿಯಲ್ಲಿ ಕತ್ತರಿಸಿದ ಜಾಗ. ಎರಡನೇ ವಾಕ್ಯದಿಂದ, ಆಪರೇಷನ್ ಆದ ನಾಯಿಗೇ ಮತ್ತೆ ವ್ಯಾನು ಕರೆಸುವುದು ತಪ್ಪುತ್ತದೆ.

ಪರೀಕ್ಷೆ

‘ಚೆನ್ನಾಗಿದೆಯಾ?’ ಎಂದು ಯಾರನ್ನೂ ಕೇಳಬೇಡಿ, ಎಲ್ಲರೂ ಹೌದೆನ್ನುತ್ತಾರೆ. ‘ಇದು ನಿಮಗೆ ಏನು ಮಾಡಿ ಅಂತಿದೆ?’ ಎಂದು ಕೇಳಿ. ಕಾವಲುಗಾರರು, ಮನೆಗೆಲಸಕ್ಕೆ ಬರುವವರು, ನಾಯಿ ಕಂಡರಾಗದ ನಿವಾಸಿ, ಈ ಮೂವರು ಸಾಕು. ಒಬ್ಬರು ಬೇರೆ ಉತ್ತರ ಕೊಟ್ಟರೂ ಸಾಲನ್ನು ತಿದ್ದಿ.

ಬರೆಸುವುದು

ತೆಳು ಗೀಟಿನ, ಬಳ್ಳಿ ಬಿಟ್ಟ ಫಾಂಟ್‌ಗಳು ಬೇಡವೇ ಬೇಡ. ‘ಶಸ್ತ್ರಚಿಕಿತ್ಸೆ’ಯಂಥ ಪದದ ಒತ್ತಕ್ಷರಗಳು ದೂರದಿಂದ ಕಪ್ಪು ಮುದ್ದೆಯಾಗಿ ಕಾಣುತ್ತವೆ. ‘ಆಪರೇಷನ್’ ಪದದಲ್ಲಿ ಒತ್ತಕ್ಷರವೇ ಇಲ್ಲ, ಅದನ್ನು ಆರಿಸಲು ಇದೂ ಒಂದು ಕಾರಣ. ಗಾಯಗೊಂಡ ನಾಯಿಯ ಚಿತ್ರ ಹಾಕಬೇಡಿ, ಜನ ಕಣ್ಣು ತಿರುಗಿಸಿದರೆ ಅಕ್ಷರವೂ ತಪ್ಪಿಹೋಗುತ್ತದೆ. ಕಿವಿಯ ಕಚ್ಚು ಸ್ಪಷ್ಟವಾಗಿ ಕಾಣುವ, ಅದೇ ಬೀದಿಯ ನಾಯಿಯ ಚಿತ್ರ ಹಾಕಿ. ಶಿಬಿರದ ದಿನಾಂಕವನ್ನು ಬೇರೆ ಪಟ್ಟಿಯಲ್ಲಿ ಬರೆದು ಅಂಟಿಸಿ. ಮಳೆ ಬಂದೋ ವೈದ್ಯರು ಸಿಗದೆಯೋ ದಿನ ಮುಂದೆ ಹೋದರೆ ಪಟ್ಟಿ ಬದಲಿಸಿದರಾಯಿತು.