ಬೆಳಕು ಕಡಿಮೆ ಮಾಡಿದಾಗ ಮಾತ್ರ ಮಿಟುಕುತ್ತಿದ್ದ ಸ್ಕ್ರೀನ್: ತಪ್ಪು ಎಲ್ಲಿದೆ ಎಂದು ನಾನು ಹುಡುಕಿದ ಬಗೆ

ರಾತ್ರಿ ದೀಪ ಆರಿಸಿ ಓದುವಾಗ ನಾನು ಲ್ಯಾಪ್‌ಟಾಪ್‌ನ ಬ್ರೈಟ್‌ನೆಸ್ಸನ್ನು 15-20ಕ್ಕೆ ಇಳಿಸುತ್ತೇನೆ. ಒಂದು ರಾತ್ರಿ ಹಾಗೆ ಇಳಿಸಿದಾಗ ಇಡೀ ಪರದೆ ಮಿಟುಕತೊಡಗಿತು. ಒಂದು ಸಲ ಬೇಗ ಬೇಗ, ಒಂದು ಸಲ ನಿಧಾನವಾಗಿ, ಎಣ್ಣೆ ಮುಗಿಯುತ್ತಿರುವ ದೀಪದ ಹಾಗೆ. 40ಕ್ಕೆ ಏರಿಸಿದೆ, ಪೂರ್ತಿ ನಿಂತಿತು. ಮತ್ತೆ 20ಕ್ಕೆ ಇಳಿಸಿದರೆ ಮತ್ತೆ ಶುರು.

ಮೊದಲು ಡ್ರೈವರ್ ಮೇಲೆ ಅನುಮಾನ ಬಂತು, ಏಕೆಂದರೆ ಹಿಂದಿನ ವಾರವಷ್ಟೇ ಅಪ್‌ಡೇಟ್ ಆಗಿತ್ತು. ಹಳೆಯ ಡ್ರೈವರ್ ಹಾಕಿ ರೀಸ್ಟಾರ್ಟ್ ಮಾಡಿದೆ. ಮಿಟುಕು ಇರಲಿಲ್ಲ. ಖುಷಿಯಿಂದ ಮಲಗಿದೆ. ಮರುದಿನ ರಾತ್ರಿ ಮತ್ತೆ ಬಂತು. ಆಗ ಗಮನಿಸಿದೆ: ಡ್ರೈವರ್ ಬದಲಿಸಿದ ಮೇಲೆ ಬ್ರೈಟ್‌ನೆಸ್ ತಾನಾಗಿಯೇ 50ಕ್ಕೆ ಹೋಗಿತ್ತು. ನಾನು ಪರೀಕ್ಷೆ ಮಾಡಿದ್ದೇ 50ರಲ್ಲಿ! ಅಂದಿನಿಂದ ಪ್ರತಿ ಪರೀಕ್ಷೆಗೂ ಬ್ರೈಟ್‌ನೆಸ್ ಎಷ್ಟಿತ್ತು ಎಂದು ಕಾಗದದಲ್ಲಿ ಬರೆದಿಟ್ಟುಕೊಂಡೆ. ಈ ತೊಂದರೆ ಇರುವವರು ಮೊದಲು ಮಾಡಬೇಕಾದ್ದು ಇದೇ. 5 ಅಂಕಗಳಂತೆ ಇಳಿಸುತ್ತಾ ಹೋಗಿ, ಎಲ್ಲಿ ಶುರುವಾಗುತ್ತದೆ ಎಂದು ಗುರುತು ಹಾಕಿಕೊಳ್ಳಿ. ನನ್ನದರಲ್ಲಿ ಅದು 25ರ ಆಸುಪಾಸು ಇತ್ತು.

ಸಾಮಾನ್ಯವಾಗಿ ಎಲ್ಲರೂ ಕೊಡುವ ಸಲಹೆ, ಬಯೋಸ್ ಪುಟ ತೆರೆದು ನೋಡಿ ಎನ್ನುವುದು. ಅಲ್ಲಿ ವಿಂಡೋಸ್ ಇಲ್ಲ, ಅದರ ಡ್ರೈವರ್ ಇಲ್ಲ. ಹಾಗಾಗಿ ಅಲ್ಲಿಯೂ ಮಿಟುಕಿದರೆ ತಪ್ಪು ಹಾರ್ಡ್‌ವೇರ್‌ನದು. ಈ ಮಾತು ಸರಿ. ಆದರೆ ಅಲ್ಲಿ ಮಿಟುಕದಿದ್ದರೆ ಹಾರ್ಡ್‌ವೇರ್ ಸರಿಯಿದೆ ಎಂದುಕೊಳ್ಳಬಾರದು. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಬಯೋಸ್ ಪುಟ ಬರುವುದೇ ಜಾಸ್ತಿ ಬೆಳಕಿನಲ್ಲಿ. ಸೇಫ್ ಮೋಡ್‌ನಲ್ಲೂ ಇದೇ ಪಾಡು. ಅಲ್ಲಿ ಸಾದಾ ಡಿಸ್‌ಪ್ಲೇ ಡ್ರೈವರ್ ಇರುತ್ತದೆ, ಬ್ರೈಟ್‌ನೆಸ್ ಇಳಿಸುವ ಗುಂಡಿ ಬಹಳ ಸಲ ಕೆಲಸವನ್ನೇ ಮಾಡುವುದಿಲ್ಲ. ಕಡಿಮೆ ಬೆಳಕಿನ ಕಾಯಿಲೆಯನ್ನು ಜಾಸ್ತಿ ಬೆಳಕಿನಲ್ಲಿ ಹುಡುಕಿದರೆ ಸಿಗುವುದಿಲ್ಲ ಅಲ್ವಾ? ಬೇರೆ ಮಾನಿಟರ್ ಜೋಡಿಸಿ ನೋಡುವುದೂ ಇಲ್ಲಿ ಹೆಚ್ಚು ಹೇಳುವುದಿಲ್ಲ. ಅದರ ಬ್ಯಾಕ್‌ಲೈಟ್ ಅದರದೇ.

ನನಗೆ ದಾರಿ ತೋರಿಸಿದ್ದು ಒಂದು ಬೂದು ಚಿತ್ರ.

ಎಲ್‌ಸಿಡಿ ಪರದೆ ಎರಡು ರೀತಿಯಲ್ಲಿ ಕತ್ತಲಾಗಬಹುದು. ಹಿಂದಿನ ಬ್ಯಾಕ್‌ಲೈಟ್ ಕಡಿಮೆಯಾದರೆ ಒಂದು. ಬ್ಯಾಕ್‌ಲೈಟ್ ಪೂರ್ತಿ ಉರಿಯುತ್ತಿದ್ದು, ಮುಂದಿನ ಚಿತ್ರವೇ ಕಪ್ಪಾಗಿದ್ದರೆ ಇನ್ನೊಂದು. ಕಣ್ಣಿಗೆ ಎರಡೂ ಒಂದೇ. ಒಳಗೆ ನಡೆಯುವುದು ಮಾತ್ರ ಬೇರೆ. ಪೇಂಟ್‌ನಲ್ಲಿ ಕೆಂಪು, ಹಸಿರು, ನೀಲಿ ಮೂರಕ್ಕೂ 120 ಕೊಟ್ಟು ಇಡೀ ಚಿತ್ರಕ್ಕೆ ಬೂದು ಬಣ್ಣ ತುಂಬಿದೆ. ಇದು ಬಿಳಿಯ ಸುಮಾರು ಐದರಲ್ಲಿ ಒಂದು ಪಾಲು ಬೆಳಕು ಕೊಡುತ್ತದೆ. ಬ್ರೈಟ್‌ನೆಸ್ 100ಕ್ಕೆ ಏರಿಸಿ ಆ ಚಿತ್ರವನ್ನು ಪೂರ್ತಿ ಪರದೆಗೆ ತಂದು ಹತ್ತು ನಿಮಿಷ ನೋಡಿದೆ. ಒಂದು ಸಲವೂ ಮಿಟುಕಲಿಲ್ಲ. ಆಮೇಲೆ ಅಪ್ಪಟ ಬಿಳಿ ಚಿತ್ರ ತೆರೆದು ಬ್ರೈಟ್‌ನೆಸ್ 20ಕ್ಕೆ ಇಳಿಸಿದೆ. ಅರ್ಧ ನಿಮಿಷದಲ್ಲಿ ಶುರುವಾಯಿತು.

ಅಂದರೆ ಪರದೆಗೆ ಬರುತ್ತಿರುವ ಚಿತ್ರ ಸರಿಯಿದೆ, ಬ್ಯಾಕ್‌ಲೈಟನ್ನು ಮಂಕು ಮಾಡುವ ಕಡೆ ತೊಂದರೆಯಿದೆ. ಹುಡುಕಬೇಕಾದ ಜಾಗ ಅರ್ಧಕ್ಕಿಂತ ಕಡಿಮೆಯಾಯಿತು. ಈ ಪರೀಕ್ಷೆ ಮಾಡುವಾಗ ಚಾರ್ಜರ್ ಹಾಕಿರಿ. ವಿಂಡೋಸ್ 11ರಲ್ಲಿ ಬ್ರೈಟ್‌ನೆಸ್ ಕೆಳಗೆ `Change brightness based on content` ಎಂದಿದ್ದರೆ ಅದನ್ನು `Off` ಮಾಡಿ. ಇಲ್ಲದಿದ್ದರೆ ಚಿತ್ರ ಕಪ್ಪಾದ ಕೂಡಲೇ ಅದೇ ಬ್ಯಾಕ್‌ಲೈಟ್ ಇಳಿಸಿ ಪರೀಕ್ಷೆ ಕೆಡಿಸುತ್ತದೆ. ಒಎಲ್‌ಇಡಿ ಪರದೆಗೆ ಬ್ಯಾಕ್‌ಲೈಟೇ ಇಲ್ಲ, ಆದ್ದರಿಂದ ಈ ಉಪಾಯ ಅದಕ್ಕೆ ಹೊಂದುವುದಿಲ್ಲ.

ಕಡಿಮೆ ಬೆಳಕಿನಲ್ಲೇ ಯಾಕೆ? ಇದು ನನ್ನನ್ನು ಬಹಳ ಕಾಡಿತು. ಬಹಳಷ್ಟು ಲ್ಯಾಪ್‌ಟಾಪ್‌ಗಳು ಬ್ಯಾಕ್‌ಲೈಟ್ ಮಂಕು ಮಾಡುವುದು ಅದನ್ನು ಅತಿ ವೇಗವಾಗಿ ಆರಿಸಿ ಹಚ್ಚಿ. ಇದಕ್ಕೆ ಪಿಡಬ್ಲ್ಯೂಎಂ ಎನ್ನುತ್ತಾರೆ. ಸೆಕೆಂಡಿಗೆ 200 ಸಲ ಹಚ್ಚಿ ಆರಿಸುವ ಪರದೆ ಇದೆ ಎಂದುಕೊಳ್ಳಿ. ಒಂದು ಸುತ್ತಿಗೆ 5 ಮಿಲಿಸೆಕೆಂಡ್. ಬ್ರೈಟ್‌ನೆಸ್ 90 ಇದ್ದಾಗ ಅದರಲ್ಲಿ 4.5 ಮಿಲಿಸೆಕೆಂಡ್ ದೀಪ ಉರಿಯುತ್ತದೆ. 10 ಇದ್ದಾಗ ಬರೀ 0.5. ಈಗ ಎಲ್ಲೋ ಒಂದು ಕಡೆ 0.1 ಮಿಲಿಸೆಕೆಂಡಿನಷ್ಟು ಹೆಚ್ಚುಕಡಿಮೆ ಆಗುತ್ತಿದೆ ಎನ್ನೋಣ. 90ರಲ್ಲಿ ಅದು ಬೆಳಕಿನ ನೂರಕ್ಕೆ ಎರಡು ಪಾಲು, ಕಣ್ಣಿಗೆ ಬೀಳುವುದು ಕಷ್ಟ. 10ರಲ್ಲಿ ಅದೇ ತಪ್ಪು ನೂರಕ್ಕೆ ಇಪ್ಪತ್ತು. ತಪ್ಪು ಎರಡೂ ಕಡೆ ಅಷ್ಟೇ ಇರುತ್ತದೆ, ಕತ್ತಲಲ್ಲಿ ಎದ್ದು ಕಾಣುತ್ತದೆ.

ಹಾಗಂತ ಪಿಡಬ್ಲ್ಯೂಎಂ ಇರುವುದೇ ದೋಷವಲ್ಲ. ಫೋನಿನ ಸ್ಲೋ ಮೋಷನ್‌ನಲ್ಲಿ ಮಂಕಾದ ಪರದೆಯನ್ನು ಚಿತ್ರಿಸಿದರೆ ಕಪ್ಪು ಪಟ್ಟಿಗಳು ಕಾಣಬಹುದು. ಅದನ್ನು ನೋಡಿ ಪರದೆ ಕೆಟ್ಟಿದೆ ಎಂದು ಹೆದರುವವರಿದ್ದಾರೆ. ಪಟ್ಟಿಗಳು ಒಂದೇ ಅಗಲದಲ್ಲಿ, ಒಂದೇ ಅಂತರದಲ್ಲಿ ಸಾಗುತ್ತಿದ್ದರೆ ಅದು ಆ ಪರದೆಯ ಸಹಜ ನಡೆ. ನನ್ನದರಲ್ಲಿ ಪಟ್ಟಿಗಳು ಇದ್ದಕ್ಕಿದ್ದಂತೆ ದಪ್ಪವಾಗುತ್ತಿದ್ದವು, ಮಧ್ಯೆ ಒಂದೆರಡು ತಪ್ಪಿ ಹೋಗುತ್ತಿದ್ದವು. ಬರಿಗಣ್ಣಿಗೆ ಮಿಟುಕು ಕಂಡ ಕ್ಷಣಕ್ಕೂ ಅದಕ್ಕೂ ತಾಳೆಯಾಯಿತು.

ಡ್ರೈವರನ್ನು ಪೂರ್ತಿ ಕೈಬಿಡುವ ಮುನ್ನ ಇನ್ನೊಂದನ್ನು ನೋಡಿದೆ. ಇಂಟೆಲ್ ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ `Panel Self Refresh` ಎಂಬ ಸೌಲಭ್ಯ ಇರುತ್ತದೆ. ಪರದೆಯ ಮೇಲೆ ಏನೂ ಬದಲಾಗದಿದ್ದಾಗ ಪ್ಯಾನೆಲ್ ತನ್ನಲ್ಲಿರುವ ಚಿತ್ರವನ್ನೇ ತೋರಿಸುತ್ತಾ ಇರುತ್ತದೆ, ವಿದ್ಯುತ್ ಉಳಿಯುತ್ತದೆ. ಇದು ಸರಿಯಾಗಿ ಹೊಂದದಿದ್ದರೂ ಪರದೆ ಮಿಟುಕುತ್ತದೆ. ಅದರ ಗುರುತು ಸುಲಭ: ಸುಮ್ನೆ ಇಟ್ಟಾಗ ಮಿಟುಕುತ್ತದೆ, ಮೌಸ್ ಅಲ್ಲಾಡಿಸುತ್ತಾ ಇದ್ದರೆ ನಿಲ್ಲುತ್ತದೆ. ಬ್ರೈಟ್‌ನೆಸ್‌ಗೂ ಅದಕ್ಕೂ ನಂಟು ಕಡಿಮೆ. ನನ್ನದು ಮೌಸ್ ಅಲ್ಲಾಡಿಸಿದರೂ ಹಾಗೇ ಇತ್ತು. ಆದರೂ ಆ ಸೌಲಭ್ಯ ಆಫ್ ಮಾಡಿ ನೋಡಿದೆ. ಏನೂ ಬದಲಾಗಲಿಲ್ಲ.

ಕೊನೆಗೆ ಪೆನ್‌ಡ್ರೈವ್‌ನಿಂದ ಲಿನಕ್ಸ್ ತೆರೆದೆ. ಇನ್‌ಸ್ಟಾಲ್ ಮಾಡುವುದು ಬೇಡ, ಲೈವ್ ಆಗಿ ಸಾಕು. ಡ್ರೈವರ್ ಪೂರ್ತಿ ಬೇರೆ, ಆದರೆ ಬ್ಯಾಕ್‌ಲೈಟ್ ಇಳಿಸಲು ಬರುತ್ತದೆ. ಬಯೋಸ್ ಕೊಡದೇ ಇದ್ದದ್ದು ಇದನ್ನೇ.

```
ls /sys/class/backlight/
cat /sys/class/backlight/intel_backlight/max_brightness
echo 3840 | sudo tee /sys/class/backlight/intel_backlight/brightness
```

ಮೊದಲ ಸಾಲು ಫೋಲ್ಡರ್ ಹೆಸರು ತೋರಿಸುತ್ತದೆ. ನಿಮ್ಮಲ್ಲಿ ಹೆಸರು ಬೇರೆ ಇದ್ದರೆ ಕೆಳಗಿನ ಸಾಲುಗಳಲ್ಲಿ ಅದನ್ನೇ ಹಾಕಿ. ನನ್ನಲ್ಲಿ ಗರಿಷ್ಠ 19200 ಬಂತು, ಅದರ ಐದನೇ ಒಂದು ಪಾಲು 3840. ವಿಂಡೋಸ್‌ನ 20ಕ್ಕೂ ಇಲ್ಲಿನ 20ಕ್ಕೂ ಬೆಳಕು ಒಂದೇ ಇರಬೇಕೆಂದಿಲ್ಲ. ಹಾಗಾಗಿ ಮೇಲಿನಿಂದ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬಂದೆ. ಕಣ್ಣಳತೆಗೆ ವಿಂಡೋಸ್‌ನಷ್ಟೇ ಮಂಕಾದಾಗ, ಅದೇ ರೀತಿಯಲ್ಲಿ, ಮಿಟುಕು ಬಂದೇ ಬಿಟ್ಟಿತು. ಅಲ್ಲಿಗೆ ಡ್ರೈವರ್ ಮೇಲಿನ ಅನುಮಾನ ಬಿಟ್ಟೆ.

ಉಳಿದದ್ದು ಕೇಬಲ್ ಮತ್ತು ಪ್ಯಾನೆಲ್. ಪರದೆಗೆ ಹೋಗುವ ಕೇಬಲ್ ಒಂದೇ, ಹಿಂಜ್ ಪಕ್ಕದಲ್ಲಿ ಬಾಗಿಕೊಂಡು ಮೇಲೆ ಹೋಗುತ್ತದೆ. ಚಿತ್ರವೂ ಅದರಲ್ಲೇ, ಬ್ಯಾಕ್‌ಲೈಟ್‌ನ ವಿದ್ಯುತ್ತೂ ಅದರಲ್ಲೇ, ಮಂಕು ಮಾಡುವ ಸೂಚನೆಯೂ ಅದರಲ್ಲೇ. ಕೇಬಲ್ ಸಡಿಲವಾದರೆ ಸಾಮಾನ್ಯವಾಗಿ ಚಿತ್ರ ಹರಿಯುತ್ತದೆ, ಬಣ್ಣದ ಗೆರೆಗಳು ಬರುತ್ತವೆ, ಪರದೆ ಹೋಗಿ ಬರುತ್ತದೆ, ಅದೂ ಎಲ್ಲ ಬ್ರೈಟ್‌ನೆಸ್‌ನಲ್ಲಿ. ಆದರೆ ಮಂಕು ಮಾಡುವ ಆ ಒಂದೇ ತಂತಿ ಸರಿಯಾಗಿ ತಾಗದಿದ್ದರೆ, ಚಿತ್ರ ಚೆನ್ನಾಗಿದ್ದೂ ಕಡಿಮೆ ಬೆಳಕಿನಲ್ಲಿ ಮಾತ್ರ ಮಿಟುಕಬಹುದು. ಹಾಗಾಗಿ ಗೆರೆ ಇಲ್ಲ ಎಂದ ಮಾತ್ರಕ್ಕೆ ಕೇಬಲ್ ಸರಿಯಿದೆ ಎನ್ನಲಾಗದು.

ಬ್ರೈಟ್‌ನೆಸ್ 15ರಲ್ಲಿಟ್ಟು ಮುಚ್ಚಳವನ್ನು ಸ್ವಲ್ಪ ಸ್ವಲ್ಪವೇ ತೆರೆಯುತ್ತಾ, ಪ್ರತಿ ಕೋನದಲ್ಲೂ ಹತ್ತು ಸೆಕೆಂಡ್ ನಿಲ್ಲಿಸಿದೆ. ಹಿಂಜ್ ಹತ್ತಿರ ಚೌಕಟ್ಟನ್ನು ಮೆಲ್ಲಗೆ ಒತ್ತಿದೆ. ಕೇಬಲ್ ತಪ್ಪಾಗಿದ್ದರೆ ಯಾವುದೋ ಒಂದು ಕೋನದಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ ಆಗಬೇಕು. ನನ್ನದು ಎಲ್ಲ ಕೋನದಲ್ಲೂ ಒಂದೇ ರೀತಿ ಇತ್ತು. ಇನ್ನೊಂದು ವಿಷಯ ಬರೆದಿಟ್ಟ ಕಾಗದದಿಂದ ಗೊತ್ತಾಯಿತು: ಆನ್ ಮಾಡಿದ ಮೊದಲ ಹತ್ತು ನಿಮಿಷ ಜಾಸ್ತಿ, ಬಿಸಿಯಾದ ಮೇಲೆ ಕಡಿಮೆ. ಬೆಳಕಿನ ಮಟ್ಟ ಮತ್ತು ಬಿಸಿ, ಈ ಎರಡಕ್ಕೆ ಮಾತ್ರ ಸ್ಪಂದಿಸಿ ಅಲುಗಾಟಕ್ಕೆ ಸ್ಪಂದಿಸದಿದ್ದರೆ ಪ್ಯಾನೆಲ್ ಮೇಲೆ ಅನುಮಾನ ಬಲವಾಗುತ್ತದೆ. ಬ್ಯಾಕ್‌ಲೈಟ್ ಎಲ್‌ಇಡಿಗಳನ್ನು ನಡೆಸುವ ಸರ್ಕ್ಯೂಟ್ ಈಗಿನ ಪ್ಯಾನೆಲ್‌ಗಳಲ್ಲಿ ಸಾಮಾನ್ಯವಾಗಿ ಪ್ಯಾನೆಲ್ ಹಿಂದಿನ ಬೋರ್ಡ್‌ನಲ್ಲೇ ಇರುತ್ತದೆ.

ಆದರೂ ಕೇಬಲ್ ತೆಗೆದು ಹಾಕದೆ ಪ್ಯಾನೆಲ್ ತರಿಸಬಾರದು. ಇಲ್ಲಿ ಒಂದು ಎಚ್ಚರಿಕೆ. ಚಾರ್ಜರ್ ತೆಗೆದು ಆಫ್ ಮಾಡಿದರೆ ಸಾಲದು. ಹಿಂದಿನ ಕವಚ ಬಿಚ್ಚಿ ಬ್ಯಾಟರಿಯ ಕನೆಕ್ಟರ್ ಕಳಚಲೇಬೇಕು. ಬ್ಯಾಟರಿ ಇರುವಾಗಲೇ ಪರದೆಯ ಕೇಬಲ್ ಎಳೆದರೆ ಮದರ್‌ಬೋರ್ಡ್‌ನಲ್ಲಿ ಬ್ಯಾಕ್‌ಲೈಟ್‌ಗಿರುವ ಫ್ಯೂಸ್ ಸುಟ್ಟು, ಮಿಟುಕುವ ಪರದೆಯ ಬದಲು ಬೆಳಕೇ ಇಲ್ಲದ ಪರದೆ ಸಿಗಬಹುದು. ಪ್ಯಾನೆಲ್ ಹಿಂದಿನ ಕನೆಕ್ಟರ್ ಮೇಲೆ ಟೇಪ್ ಇರುತ್ತದೆ. ನನ್ನದರಲ್ಲಿ ತೆಳುವಾದ ಲೋಹದ ಕೊಂಡಿಯೂ ಇತ್ತು. ಟೇಪ್ ಬಿಡಿಸಿ, ಕೊಂಡಿ ಎತ್ತಿ, ಪ್ಯಾನೆಲ್‌ಗೆ ಸಮನಾಗಿ ಪಕ್ಕಕ್ಕೆ ಜಾರಿಸಬೇಕು, ಮೇಲಕ್ಕೆ ಎಳೆಯಬಾರದು. ಪಿನ್‌ಗಳು ಹೊಳೆಯುತ್ತಿದ್ದವು, ಸುಟ್ಟ ಗುರುತಿರಲಿಲ್ಲ. ಮತ್ತೆ ಸೇರಿಸಿ 15ರಲ್ಲಿ ನೋಡಿದೆ. ಮಿಟುಕು ಹಾಗೇ ಇತ್ತು.

ನನ್ನ ಜೊತೆ ಕೆಲಸ ಮಾಡುವವರೊಬ್ಬರ ಹತ್ತಿರ ಅದೇ ಮಾದರಿಯ ಲ್ಯಾಪ್‌ಟಾಪ್ ಇತ್ತು. ಸಂಕೋಚದಿಂದಲೇ ಕೇಳಿದೆ. "ಅದಕ್ಕೇನಂತೆ, ಬಿಚ್ಚಿ ನೋಡೋಣ ಬನ್ನಿ" ಎಂದರು. ಎರಡರ ಪ್ಯಾನೆಲ್‌ಗಳನ್ನೂ ಅದಲುಬದಲು ಮಾಡಿದೆವು. ಅವರ ಪ್ಯಾನೆಲ್ ನನ್ನ ಕೇಬಲ್‌ನಲ್ಲಿ 5ರಲ್ಲೂ ಅಲುಗಾಡದೆ ಉರಿಯಿತು. ನನ್ನ ಪ್ಯಾನೆಲ್ ಅವರ ಲ್ಯಾಪ್‌ಟಾಪ್‌ನಲ್ಲಿ 25ಕ್ಕೆ ಇಳಿದ ಕೂಡಲೇ ಮಿಟುಕಿತು. ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿರಲಿಲ್ಲ. ಇಂಥ ಅವಕಾಶ ಇಲ್ಲದವರು, ರಿಪೇರಿ ಮಾಡುವವರ ಹತ್ತಿರ ಮೊದಲು ಬೇರೆ ಪ್ಯಾನೆಲ್ ಬರೀ ಜೋಡಿಸಿ ತೋರಿಸಲು ಕೇಳಿ, ಬ್ರೈಟ್‌ನೆಸ್ ತೀರಾ ಇಳಿಸಿ ನೋಡಿ. ಪೂರ್ತಿ ಬೆಳಕಿನಲ್ಲಿ ತೋರಿಸಿದರೆ ಅದು ಪರೀಕ್ಷೆಯಲ್ಲ.

ಹೊಸ ಪ್ಯಾನೆಲ್ ಬರಲು ಹತ್ತು ದಿನ ಬೇಕಾಯಿತು. ಅಲ್ಲಿಯವರೆಗೆ ಬ್ರೈಟ್‌ನೆಸ್ 35ರಲ್ಲಿಟ್ಟು, ಕಪ್ಪು ಹಿನ್ನೆಲೆಯಲ್ಲಿ ಓದಿದೆ. ಬ್ಯಾಕ್‌ಲೈಟ್ ಮುಟ್ಟದೆ ಚಿತ್ರ ಕಪ್ಪು ಮಾಡುವುದು, ಅದೇ ಬೂದು ಚಿತ್ರದ ಉಪಾಯ. ಪ್ಯಾನೆಲ್ ತರಿಸುವಾಗ ಲ್ಯಾಪ್‌ಟಾಪ್‌ನ ಹೆಸರು ಕೊಡದೆ, ಹಳೆಯ ಪ್ಯಾನೆಲ್ ಹಿಂದಿನ ಚೀಟಿಯಲ್ಲಿದ್ದ ಪೂರ್ತಿ ನಂಬರ್ ಕೊಟ್ಟೆ. ಒಂದೇ ಮಾದರಿಯ ಲ್ಯಾಪ್‌ಟಾಪ್‌ಗೆ 30 ಪಿನ್ನಿನದೂ 40 ಪಿನ್ನಿನದೂ ಇರಬಹುದು, ಒಂದರ ಕೇಬಲ್ ಇನ್ನೊಂದಕ್ಕೆ ಆಗದು.

ಹೊಸದು ಹಾಕಿದ ರಾತ್ರಿ ದೀಪ ಆರಿಸಿ, ಬಿಳಿ ಚಿತ್ರ ತೆರೆದು, 10ಕ್ಕೆ ಇಳಿಸಿ ಅರ್ಧ ಗಂಟೆ ಕೂತೆ. ಫೋನಿನ ಸ್ಲೋ ಮೋಷನ್‌ನಲ್ಲೂ ನೋಡಿದೆ. ಕಪ್ಪು ಪಟ್ಟಿಗಳು ಇದರಲ್ಲೂ ಇದ್ದವು, ಆದರೆ ಒಂದೇ ಅಗಲದಲ್ಲಿ, ಒಂದೂ ತಪ್ಪದೆ ಸಾಗುತ್ತಿದ್ದವು.