ನೊರಜು ಎಲ್ಲಿ ಹುಟ್ಟುತ್ತದೆ? ನಮ್ಮ ದೊಡ್ಡಿಯ ಕೆಸರಲ್ಲೇ ನೋಡಿದೆ

ನಾವು ಲಕ್ಷ್ಮೇಶ್ವರದ ಕಡೆಯವರು. ಎರೆ ಹೊಲ, ದಖ್ಖನಿ ಕುರಿ, ಮನೆಗೆ ಹಾಲಿಗೆ ಒಂದೆರಡು ಎಮ್ಮೆ, ಆಕಳು. ದೀಪಾವಳಿ ಮುಗಿಯುವ ಹೊತ್ತಿಗೆ ಒಂದು ಕುರಿಗೆ ಜೋರು ಜ್ವರ ಬಂತು. ಮರುದಿನ ತುಟಿ, ಮುಖ ಊದಿಕೊಂಡವು. ಮೂಗಿನಿಂದ ಸಿಂಬಳ ಸುರಿಯತೊಡಗಿತು. ಗೊರಸಿನ ಮೇಲಿನ ಅಂಚು ಕೆಂಪಾಗಿ ಕುಂಟತೊಡಗಿತು. ಕಾಲುಬಾಯಿ ಬೇನೆ ಇರಬಹುದು ಎಂದುಕೊಂಡೆ. ಆದರೆ ಬೆರಳಸಂದಿಯಲ್ಲಿ ಗುಳ್ಳೆ ಇರಲಿಲ್ಲ, ಪಕ್ಕದಲ್ಲೇ ಮಲಗಿದ್ದ ಕುರಿಗಳೂ ಆರಾಮಾಗಿದ್ದವು.

ಪಶುವೈದ್ಯರು ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ನೀಲಿ ನಾಲಿಗೆ ರೋಗ ಎಂದು ಬಂತು. ಹೆಸರು ಹಾಗಿದ್ದರೂ ನಾಲಿಗೆ ನೀಲಿಯಾಗುವುದು ಅಪರೂಪ. ಈ ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. ಕುರಿಯನ್ನು ನೆರಳಲ್ಲಿ ಕಟ್ಟಿದೆವು, ಬಿಸಿಲಿಗೆ ಬಿಟ್ಟರೆ ಇದು ಜಾಸ್ತಿಯಾಗುತ್ತದೆ. ಬಾಯಿ ತೊಳೆದು ಮೆತ್ತನೆಯ ಗಂಜಿ ಕುಡಿಸಿದೆವು.

‘ಕುರಿಯಿಂದ ಕುರಿಗೆ ಮುಟ್ಟಿದ್ರ ಬರೂದಲ್ರೀ ಇದು. ನೊರಜು ಕಡೀತಾವ, ಅವು ತರ್ತಾವ. ದೊಡ್ಡಿ ಸುತ್ತ ಕೆಸರು ಎಲ್ಲೈತಿ ಅನ್ನೂದು ನೋಡ್ರಿ’ ಎಂದರು ಡಾಕ್ಟರು. ಆ ಮಾತು ನನ್ನ ತಲೆಯಲ್ಲಿ ಕೂತಿತು.

ಕ್ಯುಲಿಕಾಯ್ಡಿಸ್ ಎಂಬ ಈ ನೊರಜು 1ರಿಂದ 3 ಮಿಲಿಮೀಟರ್ ಮಾತ್ರ. ಕಚ್ಚುವುದು ಹೆಣ್ಣು ಮಾತ್ರ, ಅದೂ ಹೆಚ್ಚಾಗಿ ಮುಸ್ಸಂಜೆ, ನಸುಕಿನಲ್ಲಿ. ಮಾಮೂಲಿ ಸೊಳ್ಳೆ ಪರದೆಯ ಕಣ್ಣಿನಲ್ಲೂ ತೂರಿ ಬರುತ್ತದೆ. ಗಾಳಿ ಜೋರಿದ್ದರೆ ಹಾರುವುದಿಲ್ಲ.

ಎಲ್ಲಿ ಹುಟ್ಟುತ್ತದೆ ಎಂದು ತಿಳಿಯಲು ಮೂರು ಕಡೆಯ ಮಣ್ಣು ತಂದೆ. ನೀರಿನ ತೊಟ್ಟಿ ತುಂಬಿ ಚೆಲ್ಲುವ ಅಂಚಿನದು ಒಂದು. ಎಮ್ಮೆ ಕೊಟ್ಟಿಗೆಯ ಹಿಂದೆ ಗಂಜಲ, ಸಗಣಿ ಕೂಡಿ ನಿಂತಿದ್ದ ಕೆಸರು ಇನ್ನೊಂದು. ದೊಡ್ಡಿಯೊಳಗಿನ ಒಣ ಹಿಕ್ಕೆ ಮೂರನೆಯದು. ಮೇಲಿನ ಎರಡು ಬೆರಳಷ್ಟು ಪದರ ಮಾತ್ರ ಕೆರೆದು ತೆಗೆದೆ, ಮರಿಹುಳು ಅಲ್ಲೇ ಇರುತ್ತದೆ. ಒಂದೊಂದನ್ನೂ ಬೇರೆ ಬೇರೆ ಬಕೆಟ್‌ಗೆ ಹಾಕಿ ಬಾಯಿಗೆ ಕಪ್ಪು ಬಟ್ಟೆ ಬಿಗಿದೆ. ಬಟ್ಟೆಯ ನಡುವೆ ತೂತು ಮಾಡಿ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯನ್ನು ತಲೆಕೆಳಗಾಗಿ ಸಿಕ್ಕಿಸಿದೆ. ಹುಟ್ಟಿದ ನೊರಜು ಬೆಳಕಿನ ಕಡೆ ಏರಿ ಬಾಟಲಿ ಸೇರುತ್ತದೆ. ನೆರಳಲ್ಲಿಟ್ಟು, ಎರಡು ಕೆಸರಿನ ಬಕೆಟ್‌ಗಳು ಒಣಗದಂತೆ ಆಗಾಗ ನೀರು ಚಿಮುಕಿಸುತ್ತಿದ್ದೆ.

ಒಣ ಹಿಕ್ಕೆಯಲ್ಲಿ ಏನೂ ಹುಟ್ಟಲಿಲ್ಲ. ತೊಟ್ಟಿಯಂಚಿನ ಮಣ್ಣಿನಲ್ಲಿ ಕೆಲವು ಬಂದವು. ಕೊಟ್ಟಿಗೆ ಹಿಂದಿನ ಕೆಸರಿನ ಬಾಟಲಿಯಂತೂ ತುಂಬ ಕಾಣಿಸುವಷ್ಟು. ಅವನ್ನು ಭೂತಗನ್ನಡಿಯಲ್ಲಿ ನೋಡಲೇಬೇಕು, ಯಾಕೆಂದರೆ ಕಚ್ಚದ ನೊರಜೂ ಅದೇ ಕೆಸರಲ್ಲಿ ಹುಟ್ಟುತ್ತದೆ. ಕಚ್ಚುವುದು ಕೂತಾಗ ರೆಕ್ಕೆಗಳನ್ನು ಒಂದರ ಮೇಲೊಂದು ಚಪ್ಪಟೆಯಾಗಿ ಮಡಚಿಕೊಳ್ಳುತ್ತದೆ, ಹೆಚ್ಚಿನವುಗಳ ರೆಕ್ಕೆ ಮೇಲೆ ಬೂದು-ಬಿಳಿ ಮಚ್ಚೆ ಇರುತ್ತವೆ. ಕಚ್ಚದ್ದರ ಮೈ ಉದ್ದ, ಮುಂಗಾಲು ಎತ್ತಿಕೊಂಡು ಕೂರುತ್ತದೆ.

ಆಮೇಲೆ ಲೆಕ್ಕ ಹಾಕಿದೆ. ಮೊಟ್ಟೆಯಿಂದ ನೊರಜಾಗಲು ಈ ಸೆಕೆಯಲ್ಲಿ ಎರಡು-ಮೂರು ವಾರ ಬೇಕು. ಸೋಂಕಿದ ದನದ ರಕ್ತ ಹೀರಿದ ಮೇಲೆ ವೈರಸ್ ನೊರಜಿನ ಮೈಯಲ್ಲಿ ಬೆಳೆದು ಕಚ್ಚಿನಲ್ಲಿ ಹೊರಬರಲು ಸುಮಾರು ಹತ್ತು ದಿನ. ಕುರಿಗೆ ಕಚ್ಚಿದ ಮೇಲೆ ಜ್ವರ ಬರಲು ಇನ್ನೊಂದು ವಾರ. ಎಲ್ಲ ಕೂಡಿದರೆ, ದೀಪಾವಳಿ ಹೊತ್ತಿಗೆ ಜ್ವರ ಬಂದ ಕುರಿಯ ಕಥೆ ದಸರಾಕ್ಕೂ ಮುಂಚಿನ ಕೆಸರಲ್ಲೇ ಶುರುವಾಗಿರುತ್ತದೆ. ಮಳೆ ನಿಂತು ರೋಗ ಯಾಕೆ ಬರುತ್ತದೆ ಎಂದು ನಮ್ಮ ಕಡೆ ಎಲ್ಲರೂ ಕೇಳುತ್ತಾರೆ. ಕಾರಣ ಇದೇ. ದನ, ಎಮ್ಮೆಗಳಿಗೆ ಈ ವೈರಸ್ ತಗುಲಿದರೂ ಬಹುತೇಕ ಏನೂ ಕಾಣುವುದಿಲ್ಲ, ರಕ್ತದಲ್ಲಿ ಮಾತ್ರ ವಾರಗಟ್ಟಲೆ ಇರುತ್ತದೆ. ಕೊಟ್ಟಿಗೆಗೆ ಅಂಟಿಕೊಂಡೇ ದೊಡ್ಡಿ ಇದ್ದರೆ ನೊರಜಿಗೆ ಎರಡೂ ಕೈಗೆಟುಕುವಷ್ಟು ಹತ್ತಿರ.

ಎರೆ ಮಣ್ಣು ನೀರನ್ನು ಬಿಡುವುದಿಲ್ಲ. ಹಾಗಾಗಿ ಕೊಟ್ಟಿಗೆ ಹಿಂದಿನ ಕೆಸರನ್ನು ಕೆರೆದೆತ್ತಿ, ಗೇಣುದ್ದ ಗರಸು ತುಂಬಿ, ಇಳಿಜಾರು ಕೊಟ್ಟು ಬಡಿದೆವು. ಗಂಜಲಕ್ಕೆ ಸಿಮೆಂಟಿನ ಕಾಲುವೆ ಮಾಡಿ ಮುಚ್ಚಿದ ಗುಂಡಿಗೆ ಬಿಟ್ಟೆವು. ತೊಟ್ಟಿಗೆ ತೇಲುವ ಬಾಲ್‌ ವಾಲ್ವ್ ಹಾಕಿದ ಮೇಲೆ ನೀರು ಚೆಲ್ಲುವುದು ನಿಂತಿತು. ಸಗಣಿಯನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ದೂರದ ತಿಪ್ಪೆಗೆ ಸಾಗಿಸುತ್ತೇವೆ. ಸಂಜೆ ಕುರಿಗಳನ್ನು ಗಾಳಿ ಬೀಸುವ ದಿಬ್ಬದ ಮೇಲಿನ ದೊಡ್ಡಿಯಲ್ಲಿ ಕೂಡುತ್ತೇವೆ. ಬೇವಿನ ಹೊಗೆ ಅದು ಏಳುವಷ್ಟು ಹೊತ್ತು ಮಾತ್ರ ಕೆಲಸ ಮಾಡುತ್ತದೆ, ಅದನ್ನೇ ನಂಬಬೇಡಿ.

ಇಷ್ಟಾದರೂ ಸಂಜೆ ಕೆಲವು ನೊರಜು ಕಾಣುತ್ತವೆ. ಪಕ್ಕದ ಹಳ್ಳದ ದಂಡೆಯಲ್ಲಿ ಹುಟ್ಟುವುದನ್ನು ನಾನು ತಡೆಯಲಾರೆ, ಗಾಳಿಯೂ ಹೊತ್ತು ತರುತ್ತದೆ. ಅದಕ್ಕೇ ಡಾಕ್ಟರ ಸಲಹೆಯಂತೆ ನೊರಜಿನ ಕಾಲಕ್ಕೆ ಮುಂಚೆಯೇ, ಶ್ರಾವಣದಲ್ಲೇ ನೀಲಿ ನಾಲಿಗೆಯ ಲಸಿಕೆ ಹಾಕಿಸುತ್ತೇನೆ. ಜ್ವರ ಶುರುವಾದ ಮೇಲೆ ಹಾಕಿಸಿದರೆ ಆ ಸಲಕ್ಕೆ ಅದು ಕೈಕೊಡುತ್ತದೆ, ಮೈಯಲ್ಲಿ ರಕ್ಷಣೆ ಬೆಳೆಯಲು ವಾರಗಳು ಬೇಕಲ್ವಾ.