ಪಲ್ಲವಿಯ ಮೂರು ಡ್ರಾಫ್ಟ್: ಯಾವ ತಿದ್ದುಪಡಿ ನಿಂತಿತು?

ಟ್ಯೂನ್ ಮೊದಲೇ ಫಿಕ್ಸ್ ಆಗಿತ್ತು, ಮೂರು-ನಾಲ್ಕು ಮಾತ್ರೆಯ ನಡೆ, ಪಲ್ಲವಿ ಮಾತ್ರ ಸಪ್ಪೆ ಅನ್ನಿಸ್ತಿತ್ತು. ಮೊದಲನೇ ಡ್ರಾಫ್ಟ್ ಇದು:

ಮಳೆಯು ಬಂದಿತು, ನಿನ್ನ ನೆನಪಿನ ನೋವು ತಂದಿತು

ಮಾತ್ರೆ ಸರಿ, ಪ್ರಾಸನೂ ಸರಿ, ಆದ್ರೆ ನೋವು ಅಂತ ಹೇಳಿಬಿಟ್ಟ ಮೇಲೆ ಕೇಳೋರಿಗೆ ಅನ್ನಿಸೋಕೆ ಏನೂ ಉಳಿಯಲ್ಲ. ಎರಡನೇದು:

ವರ್ಷಧಾರೆಯು, ನಿನ್ನ ಕೊಡೆಯಿದು ಮೂಲೆಯಲ್ಲಿದೆ

ಕೊಡೆ ಬಂದಿದ್ದು ದೊಡ್ಡ ಲಾಭ, ನೋವು ಅನ್ನೋ ಪದನೇ ಬೇಕಾಗ್ಲಿಲ್ಲ. ವರ್ಷಧಾರೆ ಮಾತ್ರ ಕೆಲಸ ಕೆಡಿಸ್ತು. ಪೇಪರ್ ಮೇಲೆ 'ಮಳೆಯು' ಮೂರು ಮಾತ್ರೆ, 'ವರ್ಷ'ನೂ ಮೂರೇ, ಆದ್ರೆ ಟ್ಯೂನಲ್ಲಿ ಅಲ್ಲಿ ಮೂರು ಬೇರೆ ಬೇರೆ ಸ್ವರ ಇವೆ, ಮ-ಳೆ-ಯು ಒಂದೊಂದಕ್ಕೆ ಕೂರುತ್ತೆ, 'ವರ್' ಎರಡು ಸ್ವರ ಎಳೀಬೇಕು, ಕೊನೇಲಿ ರಕಾರಕ್ಕೆ ಸಿಕ್ಕಿಹಾಕ್ಕೊಳ್ಳುತ್ತೆ. ಹಾಡಿದ್ರೆ ತಕ್ಷಣ ಗೊತ್ತಾಗುತ್ತೆ, ಓದಿದ್ರೆ ಗೊತ್ತಾಗಲ್ಲ. ಪ್ರಾಸನೂ ಹೋಯ್ತು.

ಮೂರನೇದು:

ಮಳೆಯು ಬಂದಿದೆ, ನಿನ್ನ ಕೊಡೆಯೋ ಒಣಗಿ ನಿಂತಿದೆ

ಮಳೆ ವಾಪಸ್ ಬಂತು, ಬಂದಿದೆ-ನಿಂತಿದೆ ಪ್ರಾಸ ಕೂತ್ಕೊಳ್ತು. 'ಕೊಡೆಯಿದು' ಹೋಗಿ 'ಕೊಡೆಯೋ' ಆಗಿದ್ದು ನನಗೆ ತುಂಬಾ ಇಷ್ಟ, ನಾಲ್ಕು ಮಾತ್ರೆ ಹಾಗೇ ಇದೆ, ದೀರ್ಘ 'ಯೋ' ಎಳೆಯೋಕೆ ಆರಾಮ, ಮಳೆಗೂ ಕೊಡೆಗೂ ಇರೋ ವಿರೋಧನೂ ಅದರಲ್ಲೇ ಬರುತ್ತೆ. 'ಒಣಗಿ' ಅಂದ್ರೆ ಯಾರೂ ಅದನ್ನ ತಗೊಂಡು ಹೊರಗೆ ಹೋಗಿಲ್ಲ ಅಂತ.

ಒಂದೇ ನಷ್ಟ, 'ಮೂಲೆ' ಹೋಯ್ತು, ಕೊಡೆ ಎಲ್ಲಿದೆ ಅಂತ ಈಗ ಕಾಣಲ್ಲ. ಅದನ್ನ ಅನುಪಲ್ಲವಿಗೆ ಸಾಗಿಸಿದೀನಿ.